ಸನ್ಮಾನಿತರ ಪರಿಚಯ: ಸಾಧನೆಗಳ ಪಟ್ಟಿಯ ಬದಲು ಎರಡು ಘಟನೆಗಳನ್ನು ಹೇಳಬಹುದೇ?

ಸಿಬ್ಬಂದಿ ವಿಭಾಗ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಮುಂದಿನ ತಿಂಗಳು ನಮ್ಮ ಸಂಸ್ಥಾಪನಾ ದಿನದ ಸಮಾರಂಭವಿದ್ದು, ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿಗೆ ವರ್ಷದ ಉತ್ತಮ ನೌಕರ ಪ್ರಶಸ್ತಿ ಕೊಡುವುದೆಂದು ತೀರ್ಮಾನವಾಗಿದೆ. ಅವರನ್ನು ಸಭೆಗೆ ಪರಿಚಯಿಸುವ ಹೊಣೆ ನನ್ನದು. ಪ್ರತಿ ವರ್ಷವೂ ಸೇರಿದ ದಿನಾಂಕ, ಬಡ್ತಿಗಳು, ಪಡೆದ ತರಬೇತಿಗಳು, ಪ್ರಶಂಸಾ ಪತ್ರಗಳು ಎಂದು ಒಂದು ಹಾಳೆಯನ್ನು ಓದುವುದು ನಮ್ಮಲ್ಲಿ ವಾಡಿಕೆ. ಹಿಂದಿನ ಸಾಲುಗಳಲ್ಲಿ ಕುಳಿತವರು ಎರಡನೆಯ ಬಡ್ತಿ ಬರುವಷ್ಟರಲ್ಲಿ ಪರಸ್ಪರ ಮಾತಿಗೆ ತೊಡಗಿರುತ್ತಾರೆ.

ಈ ಬಾರಿ ಆ ಹಾಳೆಯನ್ನು ಬಿಟ್ಟು ಎರಡೇ ಘಟನೆಗಳನ್ನು ಹೇಳಬೇಕೆಂದಿದ್ದೇನೆ. ನನಗೆ ಸಿಕ್ಕಿರುವುದು ಮೂರು. ಮೊದಲನೆಯದು, ಮಳೆ ಬಂದ ಒಂದು ರಾತ್ರಿ ಯಂತ್ರ ತಪ್ಪು ತೂಕ ತೋರಿಸುತ್ತಿದೆ ಎಂದು ಅವರು ಕಬ್ಬಿನ ಗಾಡಿಗಳ ಸಾಲನ್ನೇ ನಿಲ್ಲಿಸಿ, ಸರಿಪಡಿಸಿದ ಮೇಲೆ ಮತ್ತೆ ತೂಕ ಮಾಡಿಸಿದ್ದು. ಎರಡನೆಯದು, ಓದಲು ಬಾರದ ರೈತರಿಗೆ ತೂಕದ ಚೀಟಿಯನ್ನು ಓದಿ ಹೇಳುವ ಅವರ ರೂಢಿ. ಮೂರನೆಯದು, ತಂದೆಯವರು ತೀರಿಕೊಂಡ ವಾರದಲ್ಲೇ, ಅರೆಯುವ ಹಂಗಾಮು ಜೋರಾಗಿದ್ದುದರಿಂದ, ಅವರು ಕೆಲಸಕ್ಕೆ ಮರಳಿದ್ದು. ಇವುಗಳಲ್ಲಿ ಯಾವ ಎರಡನ್ನು ಇಟ್ಟುಕೊಳ್ಳಲಿ? ಪಟ್ಟಿಯನ್ನು ಪೂರ್ತಿ ಬಿಟ್ಟರೆ ಅವರಿಗೆ ಅಗೌರವವಾದೀತೇ?

ಲೆಕ್ಕಪತ್ರ ವಿಭಾಗ, ಹೂಟಗಳ್ಳಿ

ಪಟ್ಟಿಯನ್ನು ಬಿಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪ್ರಶಸ್ತಿ ಎಂದ ಮೇಲೆ ಅದು ಬಾರದವರೂ ಅದೇ ಸಭೆಯಲ್ಲಿ ಕುಳಿತಿರುತ್ತಾರೆ. ಯಾವ ಆಧಾರದ ಮೇಲೆ ಆಯ್ಕೆ ನಡೆಯಿತು ಎಂದು ಅವರಿಗೆ ತಿಳಿಯದಿದ್ದರೆ, ಬೇಕಾದವರಿಗೆ ಕೊಟ್ಟರು ಎಂಬ ಮಾತು ಮರುದಿನ ಕ್ಯಾಂಟೀನಿನಲ್ಲಿ ಬಂದೇ ಬರುತ್ತದೆ. ಸೇವಾವಧಿ, ಹಾಜರಾತಿ, ದೂರುಗಳಿಲ್ಲದ ದಾಖಲೆ ಇವೆಲ್ಲ ಕಣ್ಣಿಗೆ ಕಾಣುವ ಆಧಾರಗಳು, ಕಥೆಯನ್ನು ಯಾರ ಬಗ್ಗೆಯಾದರೂ ಹೇಳಬಹುದು. ಒಂದು ಘಟನೆ ಸೇರಿಸಿಕೊಳ್ಳಿ, ಆದರೆ ಪಟ್ಟಿ ಓದಿದ ಮೇಲೆ.

ಮೂರು ಘಟನೆಗಳಲ್ಲಿ ಮೂರನೆಯದೇ ಉತ್ತಮ. ತಂದೆಯನ್ನು ಕಳೆದುಕೊಂಡ ವಾರದಲ್ಲಿ ಕರ್ತವ್ಯಕ್ಕೆ ಬಂದರು ಎಂದರೆ ಸಭೆ ಕರಗುತ್ತದೆ. ಅದನ್ನು ಬಿಟ್ಟುಕೊಡಬೇಡಿ.

ನಿರೂಪಕಿ, ಸರಸ್ವತಿಪುರಂ

ನಾನು ಮೈಸೂರಿನಲ್ಲಿ ಬಹಳ ವರ್ಷ ಕಾರ್ಖಾನೆಗಳ ವಾರ್ಷಿಕೋತ್ಸವಗಳಿಗೂ ಕಲಾಮಂದಿರದಂಥ ಕಡೆ ನಡೆಯುವ ಸಮಾರಂಭಗಳಿಗೂ ನಿರೂಪಣೆ ಮಾಡಿದವಳು, ಬಿನ್ನವತ್ತಳೆಗಳನ್ನೂ ಬರೆದುಕೊಟ್ಟವಳು. ಆ ಅನುಭವದಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಪಟ್ಟಿಗೆ ಅದರದೇ ಆದ ಜಾಗವಿದೆ. ನಮ್ಮ ಸನ್ಮಾನದ ಪದ್ಧತಿಯಲ್ಲಿ ಶಾಲು, ಪೇಟ, ಫಲತಾಂಬೂಲಗಳ ಜೊತೆಗೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನೂ ಕೊಡುತ್ತೇವೆ. ಸೇವಾವಧಿ, ಬಡ್ತಿ, ತರಬೇತಿ ಎಲ್ಲವೂ ಅದರೊಳಗೆ ಇರಲಿ. ಅದು ಅವರ ಮನೆಯ ಗೋಡೆಯ ಮೇಲೆ ಉಳಿಯುವಂಥದ್ದು, ಬಂದ ನೆಂಟರು ನಿಂತು ಓದುವಂಥದ್ದು. ಪರಿಚಯ ಹಾಗಲ್ಲ. ಅದನ್ನು ಕಿವಿಯಿಂದ ಒಮ್ಮೆ ಮಾತ್ರ ಕೇಳುತ್ತಾರೆ, ಒಮ್ಮೆ ಕೇಳಿದ್ದರಲ್ಲಿ ಹತ್ತು ದಿನಾಂಕಗಳು ಯಾರಿಗೂ ನೆನಪಿರುವುದಿಲ್ಲ. ಎರಡೂ ಕಡೆ ಅದೇ ವಿಷಯವನ್ನು ಓದುವುದರಿಂದಲೇ ನಮ್ಮ ಸಮಾರಂಭಗಳು ಅಷ್ಟು ಉದ್ದವಾಗುವುದು.

ಲೆಕ್ಕಪತ್ರ ವಿಭಾಗದವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಆಯ್ಕೆಯ ಕಾರಣ ಸಭೆಗೆ ತಿಳಿಯಲೇಬೇಕು. ಆದರೆ ಅದಕ್ಕೆ ಪಟ್ಟಿ ಬೇಕಿಲ್ಲ, ಒಂದು ವಾಕ್ಯ ಸಾಕು. ಈ ವರ್ಷ ಪ್ರಶಸ್ತಿಯನ್ನು ಯಾವ ಗುಣಕ್ಕಾಗಿ ಕೊಡಬೇಕೆಂದು ಆಯ್ಕೆ ಸಮಿತಿ ನಿರ್ಧರಿಸಿತ್ತೋ ಅದನ್ನು ಮೊದಲೇ ಹೇಳಿ, ಆಮೇಲೆ ಆ ಗುಣವನ್ನು ಕಣ್ಣಿಗೆ ಕಟ್ಟುವ ಘಟನೆಗೆ ಹೋಗಿ. ಹಾಜರಾತಿ ಚೆನ್ನಾಗಿರುವವರು ನಿಮ್ಮಲ್ಲಿ ನೂರು ಜನ ಇರಬಹುದು. ಸಾಲನ್ನು ನಿಲ್ಲಿಸಿದವರು ಒಬ್ಬರೇ. ಕಥೆಯನ್ನು ಯಾರ ಬಗ್ಗೆಯಾದರೂ ಹೇಳಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರೊಬ್ಬರಿಗೆ ಮಾತ್ರ ಹೊಂದುವ ಘಟನೆಯನ್ನೇ ಆರಿಸಬೇಕು. ಅಲ್ಲಿ ಬೇರೊಬ್ಬರ ಹೆಸರನ್ನು ಇಟ್ಟು ನೋಡಿ, ಆಗಲೂ ಮಾತು ಸರಿಹೊಂದಿದರೆ ಆ ಘಟನೆ ಬೇಡ.

ಮೂರನೆಯ ಘಟನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ಸಭೆಯನ್ನು ಕರಗಿಸುತ್ತದೆ ಎಂಬುದು ನಿಜ, ಅಪಾಯವಿರುವುದೂ ಅಲ್ಲೇ. ಮುಂದಿನ ಸಾಲಿನಲ್ಲಿ ಅವರ ತಾಯಿ ಕುಳಿತಿರಬಹುದು, ಅವರ ದುಃಖವನ್ನು ಕಾರ್ಖಾನೆಯ ಹೆಮ್ಮೆಗೆ ಬಳಸಿಕೊಳ್ಳುವ ಹಕ್ಕು ನಮಗಿಲ್ಲ. ಜೊತೆಗೆ, ಮನೆಯಲ್ಲಿ ಸಾವಾದರೂ ಕೆಲಸಕ್ಕೆ ಬರುವವನೇ ಉತ್ತಮ ನೌಕರ ಎಂದು ಆಡಳಿತದ ವೇದಿಕೆಯಿಂದ ಹೇಳಿದಂತಾಗುತ್ತದೆ. ನಾಳೆ ಹನ್ನೊಂದು ದಿನ ರಜೆ ಕೇಳಲು ಬರುವ ಹುಡುಗನ ಮನಸ್ಸಿನಲ್ಲಿ ಆ ಮಾತು ಇರುತ್ತದೆ. ಜ್ವರದಲ್ಲಿ ಬಂದರು, ರಜೆಯನ್ನೇ ಹಾಕಲಿಲ್ಲ, ಸುರಕ್ಷತೆಯ ಪಟ್ಟಿ ಕಟ್ಟಿಕೊಳ್ಳದೆ ಮೇಲೆ ಹತ್ತಿದರು, ಇಂಥ ಘಟನೆಗಳೆಲ್ಲವೂ ಈ ಜಾತಿಗೆ ಸೇರಿದವು.

ಮದ್ದೂರಿನವ

ನನ್ನ ತಂದೆಯವರು ಬಸ್ ಡಿಪೋದಿಂದ ನಿವೃತ್ತರಾದಾಗ ಅವರೇ ಮಾತನಾಡಬೇಕಾಗಿ ಬಂದು ಬಹಳ ತೊಳಲಾಡಿದರು. ಪ್ರಶಸ್ತಿ ಪಡೆಯುವವರು ಕೊನೆಗೆ ಕೃತಜ್ಞತೆ ಹೇಳುವಾಗ ಎರಡು ಘಟನೆಗಳನ್ನು ಹೇಳಿದರೆ ಚೆನ್ನಾಗಿರುತ್ತದೆ ಎಂದು ನನಗೂ ಅನಿಸುತ್ತದೆ. ನಮ್ಮ ತಂದೆಯವರು ಮೊದಲ ದಿನದ ಟ್ರಿಪ್ಪನ್ನೂ ಕೊನೆಯ ದಿನದ ಟ್ರಿಪ್ಪನ್ನೂ ಹೇಳಿದರು, ಎಲ್ಲರಿಗೂ ಇಷ್ಟವಾಯಿತು. ಇವರಿಗೂ ಹಾಗೆಯೇ ಹೇಳಿಕೊಡಿ.

ನಿರೂಪಕಿ, ಸರಸ್ವತಿಪುರಂ

ಮದ್ದೂರಿನವರೇ, ಇಲ್ಲಿ ಕೇಳಿರುವುದು ಸನ್ಮಾನಿತರ ಭಾಷಣದ ಬಗ್ಗೆ ಅಲ್ಲ, ಅವರನ್ನು ಪರಿಚಯಿಸುವವರ ಮಾತಿನ ಬಗ್ಗೆ. ಆದರೆ ನೀವು ಹೇಳಿದ್ದರಿಂದ ಒಂದು ಮುಖ್ಯ ವಿಷಯ ನೆನಪಾಯಿತು. ತಮ್ಮ ಮಾತಿನಲ್ಲಿ ಏನು ಹೇಳಲಿದ್ದೀರಿ ಎಂದು ಸನ್ಮಾನಿತರನ್ನು ಮೊದಲೇ ಕೇಳಿಕೊಳ್ಳಬೇಕು. ಅವರು ಇಟ್ಟುಕೊಂಡಿದ್ದ ಘಟನೆಯನ್ನೇ ನಾವು ಮುಂಚೆ ಹೇಳಿಬಿಟ್ಟರೆ ಅವರು ಮೈಕಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ. ಒಂದು ಸಭೆಯಲ್ಲಿ ಹೀಗಾಗಿದ್ದನ್ನು ಕಂಡಿದ್ದೇನೆ. ಪಾಪ, ಆ ಹಿರಿಯರು "ಆಗಲೇ ಹೇಳಿದರು" ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ಇನ್ನು ಕೇಳಿದವರಿಗೆ: ಉಳಿದ ಎರಡು ಘಟನೆಗಳ ವಿವರ ಯಾರಿಂದ ಸಿಕ್ಕಿತು? ಮೇಲಧಿಕಾರಿಯೊಬ್ಬರಿಂದಲೇ ಬಂದಿದ್ದರೆ ಸಾಲದು. ಮೇಲಿನವರು, ಸಮಾನರು, ಕೈಕೆಳಗೆ ಕಲಿತವರು, ಮೂವರ ಬಳಿಯೂ ಹೋಗಿ. ಅವರು ಹೇಗೆ ಎಂದು ಕೇಳಿದರೆ "ಬಹಳ ಒಳ್ಳೆಯವರು" ಎಂಬ ಉತ್ತರ ಬರುತ್ತದೆ, ಅದರಿಂದ ನಮಗೆ ಪ್ರಯೋಜನವಿಲ್ಲ. ಅವರು ಮಾಡಿದ್ದನ್ನು ನೋಡಿ ನಿಮಗೆ ಆಶ್ಚರ್ಯವಾದ ಒಂದು ದಿನ ಯಾವುದು, ಆಗ ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಿ. ನಿಂತ ಜಾಗ ನೆನಪಾದರೆ ಉಳಿದದ್ದೂ ಒಂದೊಂದಾಗಿ ಬರುತ್ತದೆ.

ಸಿಬ್ಬಂದಿ ವಿಭಾಗ, ಮಂಡ್ಯ

ಮೇಡಂ, ನೀವು ಹೇಳಿದಂತೆ ಮೂವರನ್ನೂ ಕೇಳಿದೆ. ತಂದೆಯವರ ವಿಷಯವನ್ನು ಬಿಟ್ಟಿದ್ದೇನೆ. ಮಳೆಯ ರಾತ್ರಿಯ ಬಗ್ಗೆ ನನ್ನ ಮೊದಲ ಕರಡು ಹೀಗಿದೆ:

"ಒಂದು ರಾತ್ರಿ ಧಾರಾಕಾರ ಮಳೆ ಸುರಿಯುತ್ತಿತ್ತು. ವೇಬ್ರಿಡ್ಜ್‌ನ ಪ್ಲಾಟ್‌ಫಾರಂ ಸುತ್ತ ಕೆಸರು ಸೇರಿಕೊಂಡಿದ್ದರಿಂದ ಯಂತ್ರವು ಎಲ್ಲ ಗಾಡಿಗಳಿಗೂ ಹೆಚ್ಚು ತೂಕ ತೋರಿಸತೊಡಗಿತು. ಕಾರ್ಖಾನೆಗೆ ಆಗಬಹುದಾಗಿದ್ದ ಭಾರೀ ನಷ್ಟವನ್ನು ತಮ್ಮ ಅಪಾರ ಅನುಭವ, ಪ್ರಾಮಾಣಿಕತೆ ಹಾಗೂ ಸಮಯಪ್ರಜ್ಞೆಯಿಂದ ಇವರು ತಪ್ಪಿಸಿದರು."

ಯಾರ್ಡ್ ಸೂಪರ್‌ವೈಸರ್, ಪಾಂಡವಪುರ

ಅಕ್ಕ, ಒಂದು ತಿದ್ದುಪಡಿ ಅಗತ್ಯ, ಇಲ್ಲದಿದ್ದರೆ ಯಾರ್ಡಿನವರೆಲ್ಲ ಅಲ್ಲೇ ಮುಖ ನೋಡಿಕೊಳ್ಳುತ್ತಾರೆ. ಕೆಸರು ಪ್ಲಾಟ್‌ಫಾರಂ ಮೇಲೆಯೇ ನಿಂತರೆ ತೂಕ ಹೆಚ್ಚು ತೋರಿಸುತ್ತದೆ, ನಿಜ. ಆದರೆ ಆಗ ಗಾಡಿ ಇಳಿದ ಮೇಲೂ ಪರದೆಯ ಮೇಲೆ ಸೊನ್ನೆ ಬರುವುದಿಲ್ಲ, ಯಾರು ಬೇಕಾದರೂ ಹಿಡಿಯಬಹುದು. ನೀವು ಹೇಳುತ್ತಿರುವುದು ಸುತ್ತಲಿನ ಸಂದಿಯಲ್ಲಿ ಕೆಸರು ಸೇರಿಕೊಂಡ ಸಂಗತಿ. ಅಲ್ಲಿ ಕೆಸರಿನ ಜೊತೆ ಕಲ್ಲು ಸಿಕ್ಕಿಕೊಂಡರೆ ಪ್ಲಾಟ್‌ಫಾರಂ ಬಿಗಿಯಾಗಿ, ಭಾರದ ಒಂದು ಪಾಲನ್ನು ಪಕ್ಕದ ಗೋಡೆ ಹೊತ್ತುಕೊಳ್ಳುತ್ತದೆ, ಅಡಿಯಲ್ಲಿ ತೂಕ ಅಳೆಯುವ ಲೋಡ್ ಸೆಲ್‌ಗಳಿಗೆ ಪೂರ್ತಿ ಭಾರ ತಲುಪುವುದಿಲ್ಲ. ಆಗ ತೂಕ ಕಡಿಮೆಯೇ ಬರುತ್ತದೆ. ನಷ್ಟವಾಗುವುದು ಕಾರ್ಖಾನೆಗೆ ಅಲ್ಲ, ಕಬ್ಬು ತಂದ ರೈತನಿಗೆ. ಗಾಡಿ ಇಳಿದ ಮೇಲೆ ಸೊನ್ನೆಯೂ ಸರಿಯಾಗಿಯೇ ಕಾಣಿಸಬಹುದು, ಹಾಗಾಗಿ ಗೊತ್ತಾಗುವುದು ಕಷ್ಟ. ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಿರಾ? ಆ ಘಟನೆಯ ಜೀವ ಅಲ್ಲಿದೆ.

ಸಿಬ್ಬಂದಿ ವಿಭಾಗ, ಮಂಡ್ಯ

ಅಣ್ಣ, ಬಹಳ ಉಪಕಾರವಾಯಿತು. ಆ ರಾತ್ರಿ ಜೊತೆಯಲ್ಲಿದ್ದ ಸಹಾಯಕರನ್ನು ಮತ್ತೆ ಕೇಳಿದೆ. ಒಂದು ಟ್ರ್ಯಾಕ್ಟರ್ ಬೆಳಗ್ಗೆ ಕಬ್ಬು ಇಳಿಸಿ ಹೋಗುವಾಗ ಟ್ರೇಲರ್ ಸಮೇತ ಅದರ ಖಾಲಿ ತೂಕ 4,180 ಕೆ.ಜಿ. ಇತ್ತಂತೆ. ಅದೇ ಟ್ರ್ಯಾಕ್ಟರ್ ರಾತ್ರಿ ಎರಡನೆಯ ಲೋಡ್ ಇಳಿಸಿ ಬಂದಾಗ 4,110 ಕೆ.ಜಿ. ಬಂತು. ಸಹಾಯಕರು "ಡೀಸೆಲ್ ಖರ್ಚಾಗಿರಬೇಕು ಸಾರ್" ಎಂದರಂತೆ. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಾಲಕನನ್ನು ವಿಚಾರಿಸಿದರು. ಅವನು ಬರುವ ದಾರಿಯಲ್ಲಷ್ಟೇ ಟ್ಯಾಂಕ್ ತುಂಬಿಸಿಕೊಂಡು ಬಂದಿದ್ದ. ಆ ಕೂಡಲೇ ಇವರು ಸಾಲನ್ನು ನಿಲ್ಲಿಸಿ, ಟಾರ್ಚ್ ಹಿಡಿದು ಮಳೆಯಲ್ಲೇ ಇಳಿದು, ಕಬ್ಬಿಣದ ಸಲಾಕೆಯಿಂದ ಸಂದಿಯನ್ನು ಕೆದಕಿಸಿದರು. ಅಂಗೈಯಗಲದ ಜಲ್ಲಿಕಲ್ಲೊಂದು ಹೊರಬಂತು. ಆಮೇಲೆ ತೂಕವಾಗಿ ಇನ್ನೂ ಇಳಿಸದೆ ಯಾರ್ಡಿನಲ್ಲಿ ನಿಂತಿದ್ದ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆಸಿ ಮತ್ತೆ ತೂಕ ಮಾಡಿಸಿದರು.

ಆದರೆ ಇದನ್ನು ಹೇಳಿದರೆ ನಮ್ಮ ಯಂತ್ರ ರೈತರಿಗೆ ಕಡಿಮೆ ತೋರಿಸುತ್ತಿತ್ತು ಎಂದು ನಾವೇ ಸಾರಿದಂತಾಗುವುದಿಲ್ಲವೇ? ಅತಿಥಿಗಳಲ್ಲಿ ರೈತ ಮುಖಂಡರೂ ಇರುತ್ತಾರೆ.

ಲೆಕ್ಕಪತ್ರ ವಿಭಾಗ, ಹೂಟಗಳ್ಳಿ

ನಾನು ಹೇಳಿದ್ದು ಇದನ್ನೇ. ಪಟ್ಟಿ ಓದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ತೂಕದ ವಿಷಯ ಬಹಳ ಸೂಕ್ಷ್ಮ. ಆಗಲೇ ಇಳಿಸಿ ಹೋಗಿದ್ದ ಗಾಡಿಗಳ ಕಥೆ ಏನಾಯಿತು ಎಂದು ಒಬ್ಬರು ಎದ್ದು ಕೇಳಿದರೆ ಯಾರು ಉತ್ತರ ಕೊಡುತ್ತಾರೆ?

ಯಾರ್ಡ್ ಸೂಪರ್‌ವೈಸರ್, ಪಾಂಡವಪುರ

ಕೇಳಬೇಕಾದ ಪ್ರಶ್ನೆಯೇ ಅದು. ಇಳಿಸಿದ ಕಬ್ಬನ್ನು ಮತ್ತೆ ತೂಗಲು ಬರುವುದಿಲ್ಲ. ಅವರಿಗೆ ಏನು ಮಾಡಿದರು ಎಂಬುದು ಗೊತ್ತಿಲ್ಲದೆ ಈ ಘಟನೆಯನ್ನು ವೇದಿಕೆಗೆ ತರಬಾರದು. ಆದರೆ ರೈತರಿಗೆ ಗೊತ್ತಾದೀತು ಎಂಬ ಅಂಜಿಕೆಗೆ ಅರ್ಥವಿಲ್ಲ. ಸಾಲಿನಲ್ಲಿ ನಿಂತಿದ್ದವರೇ ರೈತರು, ಅವರ ಊರುಗಳಲ್ಲಿ ಇದು ಮಾರನೆಯ ದಿನವೇ ತಿಳಿದಿರುತ್ತದೆ.

ನಿರೂಪಕಿ, ಸರಸ್ವತಿಪುರಂ

ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಘಟನೆಯನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಖಾನೆಯ ಮುಖ್ಯಸ್ಥರಿಗೆ ಮುಂಚಿತವಾಗಿ ತೋರಿಸಿ, ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದರೆ ಬೇರೆ ಘಟನೆ ಹುಡುಕಬೇಕೇ ಹೊರತು, ಇದನ್ನೇ ತಿರುಚಿ ಕಾರ್ಖಾನೆಗೆ ನಷ್ಟ ತಪ್ಪಿತು ಎಂದು ಹೇಳಬಾರದು. ಸಭೆಯಲ್ಲಿ ಆ ರಾತ್ರಿಯನ್ನು ಕಂಡವರು ಕುಳಿತಿರುತ್ತಾರೆ. ಒಂದು ವಿವರ ಸುಳ್ಳೆಂದು ಅವರಿಗೆ ಅನಿಸಿದರೆ ಸನ್ಮಾನಿತರ ಉಳಿದ ಒಳ್ಳೆಯತನದ ಮೇಲೂ ಅನುಮಾನ ಬರುತ್ತದೆ, ಅದರ ಫಲವನ್ನು ಉಣ್ಣುವವರು ನೀವಲ್ಲ, ಅವರು.

ಕರಡಿನ ಭಾಷೆಯ ಬಗ್ಗೆ ಒಂದು ಮಾತು. "ಅಪಾರ ಅನುಭವ, ಪ್ರಾಮಾಣಿಕತೆ, ಸಮಯಪ್ರಜ್ಞೆ" ಎಂಬ ಮೂರನ್ನೂ ಅಳಿಸಿ. ಡೀಸೆಲ್ ಬಗ್ಗೆ ಸಹಾಯಕರು ಹೇಳಿದ ಮಾತು, ಇವರು ಚಾಲಕನನ್ನು ಕೇಳಿದ್ದು, ಕಲ್ಲು ಹೊರಬಂದದ್ದು, ಇಷ್ಟು ಹೇಳಿದರೆ ಪ್ರಾಮಾಣಿಕತೆ ಎಂಬ ಪದವನ್ನು ಕೇಳುವವರೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತಾರೆ. ನಾವೇ ಹೇಳಿಬಿಟ್ಟರೆ ಅವರಿಗೆ ಕೆಲಸವಿಲ್ಲ. ಅಂಕಿಗಳಲ್ಲಿ ಎರಡೂ ತೂಕಗಳನ್ನು ಓದಬೇಡಿ, ಕಿವಿಗೆ ಅವು ನಿಲ್ಲುವುದಿಲ್ಲ. ಎಪ್ಪತ್ತು ಕೆ.ಜಿ. ಕಡಿಮೆ ಬಂತು ಎನ್ನಿ, ಸಾಕು.

ಎರಡನೆಯ ಘಟನೆಯ ಬಗ್ಗೆ ನನಗೆ ಇನ್ನೊಂದು ಆತಂಕವಿದೆ. ಅದೂ ಪ್ರಾಮಾಣಿಕತೆಯ ಬಗ್ಗೆಯೇ ಆದರೆ ಸಭೆ ಒಂದೇ ಘಟನೆಯನ್ನು ಎರಡು ಬಾರಿ ಕೇಳಿದಂತಾಗುತ್ತದೆ. ಮೊದಲನೆಯದು ಒಂದು ರಾತ್ರಿಯದು, ಒತ್ತಡದ್ದು, ಯಂತ್ರದ್ದು. ಎರಡನೆಯದು ದಿನನಿತ್ಯದ್ದು, ಮನುಷ್ಯರದ್ದು ಆಗಿರಲಿ. ಎರಡು ಘಟನೆಗಳೇ ಏಕೆ ಎಂದು ಹಲವರು ನನ್ನನ್ನು ಕೇಳುತ್ತಾರೆ. ಒಂದೇ ಹೇಳಿದರೆ ಅದು ಅಪರೂಪಕ್ಕೆ ಒಮ್ಮೆ ಆದದ್ದು ಎಂದು ತೋರಬಹುದು. ಅದಕ್ಕಿಂತ ಬೇರೆ ಬಗೆಯ ಇನ್ನೊಂದು ಬಂದಾಗ ವ್ಯಕ್ತಿಯ ಸ್ವಭಾವ ಕಾಣತೊಡಗುತ್ತದೆ. ಮೂರಾದರೆ ಊಟದ ಹೊತ್ತು ಮೀರುತ್ತದೆ.

ಸಿಬ್ಬಂದಿ ವಿಭಾಗ, ಮಂಡ್ಯ

ಮುಖ್ಯಸ್ಥರಿಗೆ ತೋರಿಸಿದೆ. ಅವರು ಓದಿ, ಆ ರಾತ್ರಿಯ ರಿಜಿಸ್ಟರ್ ತರಿಸಿ ನೋಡಿದರು. ಆಗಲೇ ಇಳಿಸಿದ್ದ ಗಾಡಿಗಳ ಸಂಖ್ಯೆಗಳನ್ನು ಇವರು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಕಬ್ಬು ವಿಭಾಗವು ಅದೇ ಗಾಡಿಗಳ ಹಿಂದಿನ ಲೋಡ್‌ಗಳನ್ನು ನೋಡಿ ವ್ಯತ್ಯಾಸವನ್ನು ಅಂದಾಜಿಸಿ ರೈತರ ಲೆಕ್ಕಕ್ಕೆ ಸೇರಿಸಿದ ಟಿಪ್ಪಣಿಯೂ ಅಲ್ಲೇ ಇತ್ತು. "ಇದನ್ನೂ ಹೇಳಿ" ಎಂದು ಅವರೇ ಅಂದರು.

ಎರಡನೆಯ ಘಟನೆಯನ್ನು ಹೇಳಿದವರು ಇವರ ಕೈಕೆಳಗೆ ಕೆಲಸ ಕಲಿತ ಯುವತಿ. ಎಲ್ಲ ಸೇರಿಸಿ ಬರೆದ ಪರಿಚಯ ಹೀಗಿದೆ:

"ಮಾನ್ಯರೇ, ಈ ವರ್ಷದ ಪ್ರಶಸ್ತಿಯನ್ನು ರೈತರಿಗೂ ಕಾರ್ಖಾನೆಗೂ ನಡುವಿನ ನಂಬಿಕೆಯನ್ನು ಕಾಪಾಡಿದವರಿಗೆ ಕೊಡಬೇಕೆಂದು ಆಯ್ಕೆ ಸಮಿತಿ ತೀರ್ಮಾನಿಸಿತ್ತು. ಆ ನಂಬಿಕೆಯನ್ನು ದಿನವೂ ತೂಗುವ ಜಾಗ ನಮ್ಮ ವೇಬ್ರಿಡ್ಜ್.

ಹಂಗಾಮಿನ ಒಂದು ರಾತ್ರಿ. ಹೊರಗೆ ಮಳೆ, ಗೇಟಿನಾಚೆಗೂ ಗಾಡಿಗಳ ಸಾಲು. ಕಬ್ಬು ಇಳಿಸಿ ಬಂದ ಒಂದು ಟ್ರ್ಯಾಕ್ಟರಿನ ಖಾಲಿ ತೂಕ ಬೆಳಗ್ಗೆ ಬಂದದ್ದಕ್ಕಿಂತ ಎಪ್ಪತ್ತು ಕೆ.ಜಿ. ಕಡಿಮೆ ಬಂತು. ಪಕ್ಕದಲ್ಲಿದ್ದವರು 'ಡೀಸೆಲ್ ಖರ್ಚಾಗಿರಬೇಕು' ಎಂದರು. ಇವರು ಕಿಟಕಿಯಿಂದ ಚಾಲಕನನ್ನು ಕೇಳಿದರು. ಟ್ಯಾಂಕ್ ಆಗತಾನೇ ತುಂಬಿತ್ತು. ಇವರು ಸಾಲನ್ನು ನಿಲ್ಲಿಸಿದರು. ಟಾರ್ಚ್ ಹಿಡಿದು ಇಳಿದರು. ಪ್ಲಾಟ್‌ಫಾರಂ ಪಕ್ಕದ ಸಂದಿಯಿಂದ ಅಂಗೈಯಗಲದ ಒಂದು ಕಲ್ಲು ಹೊರಬಂತು. ಯಾರ್ಡಿನಲ್ಲಿ ನಿಂತಿದ್ದ ಗಾಡಿಗಳನ್ನು ಹಿಂದಕ್ಕೆ ಕರೆಸಿ ಮತ್ತೆ ತೂಗಿಸಿದರು. ಆಗಲೇ ಇಳಿಸಿದ್ದ ಗಾಡಿಗಳ ಸಂಖ್ಯೆಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟರು. ಆ ರೈತರಿಗೆ ಸಲ್ಲಬೇಕಾದದ್ದು ಅವರ ಲೆಕ್ಕಕ್ಕೆ ಸೇರಿತು.

ಇನ್ನೊಂದು ಸಂಗತಿ ಹಗಲಿನದು. ತೂಕದ ಚೀಟಿಯಲ್ಲಿ ಒಟ್ಟು, ಖಾಲಿ, ನಿವ್ವಳ ಎಂದು ಮೂರು ಅಂಕಿಗಳಿರುತ್ತವೆ. ಹಿಂದೆ ಅವು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿದ್ದವು. ಓದಲು ಬಾರದವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಇವರು ಪ್ರತಿ ಚೀಟಿಯಲ್ಲೂ ನಿವ್ವಳ ತೂಕಕ್ಕೆ ಪೆನ್ನಿನಿಂದ ಸುತ್ತು ಹಾಕಿ, 'ಇದು ನಿಮ್ಮ ಕಬ್ಬು' ಎಂದು ಓದಿ ಹೇಳಿ ಕೊಡುತ್ತಿದ್ದರು. ಕೆಲಸ ಕಲಿಯಲು ಬಂದವರು ಕಂಪ್ಯೂಟರ್ ಮುಟ್ಟುವ ಮೊದಲು ಇದನ್ನು ಕಲಿಯಬೇಕಿತ್ತು. ಆ ಸುತ್ತುಗಳನ್ನು ಕಂಡ ಕಂಪ್ಯೂಟರ್ ವಿಭಾಗದವರು ಚೀಟಿಯ ನಮೂನೆಯನ್ನೇ ಬದಲಿಸಿದರು. ಇಂದು ನಮ್ಮ ಚೀಟಿಯಲ್ಲಿ ನಿವ್ವಳ ತೂಕವು ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರುತ್ತದೆ.

ವೇಬ್ರಿಡ್ಜ್ ವಿಭಾಗದ ಹಿರಿಯರಾದ ಶ್ರೀಯುತರನ್ನು ಸನ್ಮಾನ ಸ್ವೀಕರಿಸಲು ವೇದಿಕೆಗೆ ಗೌರವದಿಂದ ಆಹ್ವಾನಿಸುತ್ತೇನೆ."

ಕೊನೆಯ ವಾಕ್ಯದಲ್ಲಿ ಅವರ ಪೂರ್ಣ ಹೆಸರು ಬರುತ್ತದೆ, ಇಲ್ಲಿ ಬರೆದಿಲ್ಲ.

ಯಾರ್ಡ್ ಸೂಪರ್‌ವೈಸರ್, ಪಾಂಡವಪುರ

ಈಗ ತಪ್ಪಿಲ್ಲ. ಒಂದೇ ಅನುಮಾನ: 'ಪಕ್ಕದಲ್ಲಿದ್ದವರು' ಎಂದು ಹೆಸರು ಹೇಳದೆ ಬಿಟ್ಟಿದ್ದೀರಿ, ಒಳ್ಳೆಯದು. ಆದರೂ ಆ ಸಹಾಯಕ ಯಾರೆಂದು ಯಾರ್ಡಿನವರಿಗೆಲ್ಲ ಗೊತ್ತಿರುತ್ತದೆ. ಅವರನ್ನು ಒಂದು ಮಾತು ಕೇಳಿ, ಹೇಳಬಹುದೇ ಎಂದು. ಒಬ್ಬರನ್ನು ಮೇಲೆತ್ತಲು ಇನ್ನೊಬ್ಬರನ್ನು ಕೆಳಗಿಳಿಸಿದಂತೆ ಆಗಬಾರದು.

ನಿರೂಪಕಿ, ಸರಸ್ವತಿಪುರಂ

ಅವರು ಹೇಳಿದ್ದು ಸರಿ, ಕೇಳಲೇಬೇಕು. ಒಪ್ಪದಿದ್ದರೆ ಡೀಸೆಲ್ ಮಾತನ್ನು ಬಿಟ್ಟು, ಇವರು ತಾವೇ ಚಾಲಕನನ್ನು ಡೀಸೆಲ್ ಬಗ್ಗೆ ಕೇಳಿದರು ಎಂದು ಬರೆಯಿರಿ, ಘಟನೆ ಕೆಡುವುದಿಲ್ಲ.

ವೇದಿಕೆಯ ಮೇಲೆ ನಾನು ನಿಮಿಷಕ್ಕೆ ಸುಮಾರು ತೊಂಬತ್ತು ಪದಗಳ ಲೆಕ್ಕ ಇಟ್ಟುಕೊಳ್ಳುತ್ತೇನೆ. ಆ ಲೆಕ್ಕದಲ್ಲಿ ನಿಮ್ಮದು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ, ಸರಿಯಾಗಿದೆ. ಮನೆಯಲ್ಲಿ ಗಟ್ಟಿಯಾಗಿ ಓದಿ, ನಾಲಿಗೆ ತೊಡರುವ ಕಡೆ ವಾಕ್ಯವನ್ನು ಕತ್ತರಿಸಿ. ಎರಡನೆಯ ಘಟನೆ ಮುಗಿದ ಮೇಲೆ ವಿವರಣೆ ಸೇರಿಸದೆ ನೇರವಾಗಿ ಹೆಸರಿಗೆ ಹೋಗಿರುವುದು ಬಹಳ ಒಳ್ಳೆಯದಾಯಿತು. "ಇಂಥ ಮಹನೀಯರು" ಎಂದು ಅಲ್ಲಿ ಏನನ್ನೂ ತುರುಕಬೇಡಿ.

ಹೆಸರನ್ನು ಕೊನೆಗೆ ಇಟ್ಟಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗಿದೆಯೇ? ಎಲ್ಲರಿಗೂ ಗೊತ್ತಿರುವ ಹೆಸರನ್ನು ಬಚ್ಚಿಟ್ಟಂತೆ ಮಾತನಾಡಿದರೆ ಅದು ನಾಟಕೀಯವಾಗಿ ಕೇಳಿಸುತ್ತದೆ. ಅಚ್ಚಾಗಿದ್ದರೆ ಮೊದಲ ವಾಕ್ಯದಲ್ಲೇ ಹೇಳಿ, ಕೊನೆಯಲ್ಲಿ ಮತ್ತೊಮ್ಮೆ ಹೇಳಿ. ಅಚ್ಚಾಗಿಲ್ಲದಿದ್ದರೆ, ನಿಮಗಿಂತ ಮುಂಚೆ ಹೆಸರು ಹೇಳಿಬಿಡದಂತೆ ನಿರೂಪಕರಿಗೆ ತಿಳಿಸಿಡಿ.

ಲೆಕ್ಕಪತ್ರ ವಿಭಾಗ, ಹೂಟಗಳ್ಳಿ

ಮೊದಲ ವಾಕ್ಯದಲ್ಲಿ ಆಯ್ಕೆಯ ಕಾರಣ ಬಂದಿರುವುದರಿಂದ ನನ್ನ ಆಕ್ಷೇಪಣೆಯಲ್ಲಿ ಬಹುಪಾಲು ಉಳಿದಿಲ್ಲ. ಆದರೂ ಎಷ್ಟು ವರ್ಷಗಳ ಸೇವೆ ಎಂಬ ಒಂದು ಅಂಕಿಯಾದರೂ ಇರಲಿ ಎಂದು ಈಗಲೂ ಹೇಳುತ್ತೇನೆ. ಅವರ ಮನೆಯವರು ಅದನ್ನು ವೇದಿಕೆಯಿಂದ ಕೇಳಲು ಕಾದಿರುತ್ತಾರೆ.

ನಿರೂಪಕಿ, ಸರಸ್ವತಿಪುರಂ

ಅದನ್ನು ಒಪ್ಪುತ್ತೇನೆ. ಕೊನೆಯ ವಾಕ್ಯದಲ್ಲಿ ಹೆಸರಿನ ಮುಂದೆ ಸೇರಿಸಬಹುದು.

ಸಿಬ್ಬಂದಿ ವಿಭಾಗ, ಮಂಡ್ಯ

ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾಗಿದೆ, ಹಾಗಾಗಿ ಮೊದಲೇ ಹೇಳುತ್ತೇನೆ. ಸೇವೆಯ ವರ್ಷಗಳನ್ನೂ ಸೇರಿಸುತ್ತೇನೆ. ಸಹಾಯಕರು ಸಂತೋಷದಿಂದ ಒಪ್ಪಿದರು, "ಆ ರಾತ್ರಿ ಸಲಾಕೆ ಹಿಡಿದವನು ನಾನೇ, ಅದನ್ನೂ ಹೇಳಿ" ಎಂದರು, ಅದನ್ನೂ ಸೇರಿಸಿದ್ದೇನೆ. ಸನ್ಮಾನಿತರಿಗೆ ಇದನ್ನು ಮುಂಚಿತವಾಗಿ ಓದಿ ತೋರಿಸಬೇಕೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅವರು ಸಂಕೋಚದ ಸ್ವಭಾವದವರು, ತೋರಿಸಿದರೆ ಎಲ್ಲವನ್ನೂ ತೆಗೆಸಿಬಿಡುತ್ತಾರೆ ಎಂದು ಆ ಯುವತಿ ಹೇಳುತ್ತಾಳೆ.

ಯಾರ್ಡ್ ಸೂಪರ್‌ವೈಸರ್, ಪಾಂಡವಪುರ

ತೋರಿಸಿ ಅಕ್ಕ. ಅವರ ಬದುಕಿನ ಸಂಗತಿ, ಸಾವಿರ ಜನರ ಮುಂದೆ ಹೇಳುವುದು. ತೆಗೆಸಿದರೆ ತೆಗೆಸಲಿ.

ನಿರೂಪಕಿ, ಸರಸ್ವತಿಪುರಂ

ನಾನು ಪೂರ್ತಿ ಓದಿ ತೋರಿಸುವುದಿಲ್ಲ. ಮಳೆಯ ರಾತ್ರಿಯ ವಿಷಯವನ್ನೂ ಚೀಟಿಯ ವಿಷಯವನ್ನೂ ಹೇಳುತ್ತೇವೆ, ವಿವರಗಳು ಸರಿಯೇ ಎಂದು ಕೇಳಿ ತಿದ್ದಿಕೊಳ್ಳುತ್ತೇನೆ. ಮಾತುಗಳನ್ನು ಮಾತ್ರ ಅವರು ಅಂದೇ ಕೇಳಲಿ. ಇದರಲ್ಲಿ ಪಾಂಡವಪುರದವರಿಗೂ ನನಗೂ ಹೊಂದಿಕೆಯಾಗುವಂತೆ ಕಾಣುವುದಿಲ್ಲ. ಅವರನ್ನು ಹತ್ತಿರದಿಂದ ಬಲ್ಲವರು ನೀವು, ನೀವೇ ತೀರ್ಮಾನಿಸಿ.